ಹಿತ್ತಲ ಗಿಡಕ್ಕೆ ಇಂಗ್ಲಿಷ್ ಹೆಸರು

ಪ್ರಶ್ನೆ: ಸ್ವಗ್ರಾಮದಲ್ಲಿ ಮನ್ನಣೆ ಕಾಣದ ಯಕ್ಷಗಾನ ಕಲಾವಿದರನ್ನು ಕುರಿತ ನನ್ನ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಪ್ರಬಂಧ ಸಂಕಲನವನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಶೀರ್ಷಿಕೆ ಹೇಗಿರಬೇಕು?

ಉತ್ತರ: ಈ ಗಾದೆಯ ತಿರುಳು ಅದರ ನಿಷೇಧದಲ್ಲಿಲ್ಲ, ಮದ್ದಾಗಿರುವುದನ್ನೇ ಮದ್ದಲ್ಲವೆನ್ನುವ ನೆರೆಹೊರೆಯ ಅನಾದರದಲ್ಲಿದೆ. ಆದುದರಿಂದ ಪದಶಃ ಭಾಷಾಂತರಿಸಿದರೆ, ಗಾದೆಯನ್ನರಿಯದ ಪರಭಾಷಾ ವಾಚಕನು ಅದನ್ನು ಗಿಡಮೂಲಿಕೆಗಳ ಖಂಡನೆಯೆಂದು ಗ್ರಹಿಸುವನು. ಗ್ರಂಥಸೂಚಿಯೂ ಅದನ್ನು ವೈದ್ಯಶಾಸ್ತ್ರದ ಸಾಲಿಗೆ ಸೇರಿಸೀತು. ಸ್ವದೇಶದಲ್ಲಿ ಪ್ರವಾದಿಗೆ ಗೌರವವಿಲ್ಲವೆಂಬ ಬೈಬಲಿನ ಮಾತು ಅರ್ಥದಲ್ಲಿ ಸಮೀಪವಾದರೂ, ಹಿತ್ತಲನ್ನೂ ಗಿಡವನ್ನೂ ಅಳಿಸಿಬಿಡುತ್ತದೆ.

ನಿಷೇಧವನ್ನು ಬಿಟ್ಟು ಪ್ರತಿಮೆಯನ್ನು ಮಾತ್ರ ಉಳಿಸಿಕೊಂಡು, ‘ದಿ ಹರ್ಬ್ ಬಿಹೈಂಡ್ ದಿ ಹೌಸ್’ ಎಂದು ಕರೆಯಿರಿ. ಆದರೆ ಹುಡುಕುವವನು ಪ್ರತಿಮೆಯನ್ನಲ್ಲ, ವಿಷಯವನ್ನು ಹುಡುಕುವನಾದುದರಿಂದ, ಉಪಶೀರ್ಷಿಕೆಯಲ್ಲಿ Yakshagana ಎಂಬ ಶಬ್ದವು ಇರಲೇಬೇಕು. ಅನಾದರದ ಅರ್ಥವನ್ನೂ ಉಪಶೀರ್ಷಿಕೆಯೇ ಹೊರಲಿ: ‘ಯಕ್ಷಗಾನ ಆರ್ಟಿಸ್ಟ್ಸ್ ಅನ್‌ಸಂಗ್ ಅಟ್ ಹೋಮ್’.

ಮೂಲ ಶೀರ್ಷಿಕೆಯನ್ನು ಶೀರ್ಷಿಕಾ ಪುಟದ ಹಿಂಬದಿಯಲ್ಲಿ ಕನ್ನಡ ಲಿಪಿಯಲ್ಲಿಯೂ Hittala Gida Maddalla ಎಂದು ರೋಮನ್ ಲಿಪಿಯಲ್ಲಿಯೂ ಮುದ್ರಿಸಿ, ಪ್ರಕಾಶಕರ ವಿವರಪಟ್ಟಿಯಲ್ಲಿಯೂ ಅದೇ ಕಾಗುಣಿತವನ್ನು ಕೊಡಿಸಿರಿ. ಇಲ್ಲಿ ಒಂದು l ಲೋಪವಾದರೂ ‘ಮದ್ದಲ್ಲ’ವು ‘ಮದ್ದಳ’ವಾಗಿ, ಯಕ್ಷಗಾನದ ಮದ್ದಳೆಯನ್ನೇ ಕುರಿತ ಗ್ರಂಥವೆಂಬ ಭ್ರಾಂತಿಗೆ ಎಡೆಯಾಗುವುದು. ಕೊನೆಗೆ, ಕನ್ನಡವರಿಯದ ಸ್ನೇಹಿತರೊಬ್ಬರಿಗೆ ಶೀರ್ಷಿಕೆಯನ್ನಷ್ಟೇ ತೋರಿಸಿ ಗ್ರಂಥದ ವಿಷಯವೇನೆಂದು ಕೇಳಿರಿ; ಅವರು ಕಲಾವಿದರೆನ್ನದೆ ಔಷಧವೆಂದರೆ, ಉಪಶೀರ್ಷಿಕೆಯನ್ನು ಮರಳಿ ತಿದ್ದಬೇಕು.