ಜಾಹೀರಾತು ಖಾತೆ: ವಿಶ್ಲೇಷಣೆಗೆ ಮುನ್ನ

ಗೂಗಲ್ ಜಾಹೀರಾತು ಖಾತೆಯ ಅಂಕಿಗಳನ್ನು ವಿಶ್ಲೇಷಿಸುವ ಮೊದಲು ಖಾತೆಯ ರಚನೆಯನ್ನೇ ಪರೀಕ್ಷಿಸತಕ್ಕದ್ದು. ಅಭಿಯಾನದ ಹೆಸರು ‘ಪುಣೆ’ ಎಂದಿದ್ದರೂ ಸ್ಥಳದ ಸೆಟ್ಟಿಂಗಿನಲ್ಲಿ ಇಡೀ ಭಾರತವಿರಬಹುದು, ಹೆಸರನ್ನು ನಂಬಬಾರದು. ದಿನದ ಬಜೆಟ್ 500 ರೂಪಾಯಿ ಇದ್ದು ಒಂದು ದಿನ 1,000 ಖರ್ಚಾದರೆ ಗಾಬರಿ ಬೇಡ. ತಿಂಗಳ ಮಿತಿ 15,200.

ಹೆಚ್ಚು ಮೋಸ ಹೋಗುವುದು ಕನ್ವರ್ಷನ್ ಗುರಿಗಳ ಪುಟದಲ್ಲಿ. ಸೀರೆ ಅಂಗಡಿಯೊಂದು 10,000 ರೂಪಾಯಿ ವೆಚ್ಚ ಮಾಡಿತೆನ್ನಿ. ಖಾತೆ 100 ಮಾರಾಟ ತೋರಿಸುತ್ತದೆ. ಅಂಗಡಿಯ ಆರ್ಡರ್ ಪುಸ್ತಕದಲ್ಲಿ ಅದೇ ದಿನಗಳಿಗೆ ಎಲ್ಲ ಕಡೆಯಿಂದ ಬಂದವೂ ಸೇರಿ 60 ಮಾತ್ರ! ಆಡ್ಸ್ ಟ್ಯಾಗೂ ಅನಲಿಟಿಕ್ಸಿನಿಂದ ತಂದ ಖರೀದಿಯೂ Primary ಆಗಿದ್ದು, ಒಂದೇ ಮಾರಾಟವನ್ನು ಎರಡು ಸಲ ಎಣಿಸಿವೆ. ಒಂದನ್ನು Secondary ಮಾಡಬೇಕು. ಮಾರಾಟವೊಂದಕ್ಕೆ ತಗಲಿದ್ದು 100 ಅಲ್ಲ, ಸುಮಾರು 200 ರೂಪಾಯಿ. ಬದಲಾಯಿಸಿದ ತಾರೀಖನ್ನು ಬರೆದಿಟ್ಟುಕೊಂಡು, ಅದರ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಬೆರೆಸದೆ ನೋಡತಕ್ಕದ್ದು.