ಹರಳೆಣ್ಣೆ ಕುಡಿಸುವ ಮುನ್ನ

ತಾಲ್ಲೂಕು ಊರಿನಲ್ಲಿ ವೈದ್ಯನಾಗಿರುವ ನನಗೆ ಹೊಟ್ಟೆನೋವಿನವರ ಮನೆಯವರು ಹೇಳುವ ಮಾತೊಂದು ಬಾಯಿಪಾಠವಾಗಿದೆ: "ಹೊಟ್ಟೆ ಕ್ಲೀನ್ ಆಗ್ಲಿ ಅಂತ ಹರಳೆಣ್ಣೆ ಕೊಟ್ವಿ ಡಾಕ್ಟ್ರೇ." ಹರಳೆಣ್ಣೆಯನ್ನೂ ಭೇದಿ ಪುಡಿಗಳನ್ನೂ ನಾನು ವಿರೋಧಿಸುವವನಲ್ಲ. ಆದರೆ ಕೆಲವು ಸಂಗತಿಗಳು ಪ್ರತಿ ಮನೆಗೂ ಗೊತ್ತಿರಬೇಕು.

1. ಹೊಟ್ಟೆ ನೋಯುತ್ತಿದ್ದರೆ ಭೇದಿಗೆ ಕೊಡಬಾರದು.

ಹನ್ನೊಂದು ವರ್ಷದ ಹುಡುಗ. ಸಂಜೆ ಹೊಕ್ಕುಳಿನ ಸುತ್ತ ನೋವು, ಒಂದು ಸಲ ವಾಂತಿ, ಊಟ ಬೇಡವೆಂದ. ಎರಡು ದಿನದಿಂದ ಮಲ ಹೋಗಿಲ್ಲವೆಂದು ಅಜ್ಜಿ ಎರಡು ಚಮಚ ಹರಳೆಣ್ಣೆಯನ್ನು ಬಿಸಿ ಕಾಫಿಯಲ್ಲಿ ಬೆರೆಸಿ ಕುಡಿಸಿದರು. ಮಧ್ಯರಾತ್ರಿಯೊಳಗೆ ಎರಡು ಸಲ ಭೇದಿಯಾಯಿತು, ಎಲ್ಲರೂ ನೆಮ್ಮದಿಯಿಂದ ಮಲಗಿದರು. ಬೆಳಗ್ಗೆ ಹುಡುಗ ಬಗ್ಗಿಕೊಂಡೇ ಬಂದ. ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಅಲ್ಲಿ ಒತ್ತಿದ ಕೈ ತೆಗೆದಾಗ ಚೀರಿದ. ಜಿಲ್ಲಾಸ್ಪತ್ರೆಯಲ್ಲಿ ಆಪರೇಷನ್ ಮಾಡಿದಾಗ ಅಪೆಂಡಿಕ್ಸ್ ಒಡೆದಿತ್ತು. ಎಣ್ಣೆಯಿಂದಲೇ ಒಡೆಯಿತೆಂದು ನಾನು ಹೇಳಲಾರೆ. ಆದರೆ ಊದಿಕೊಂಡ ಕರುಳನ್ನು ಅದು ಜೋರಾಗಿ ಹಿಂಡಿತು, ಭೇದಿಯಾಯಿತೆಂಬ ಸಮಾಧಾನದಲ್ಲಿ ಒಂದು ರಾತ್ರಿ ಕಳೆದುಹೋಯಿತು. ಹುಡುಗ ಬದುಕಿದ. ನೋವಿನ ಜೊತೆ ವಾಂತಿ ಅಥವಾ ಜ್ವರ ಇದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಎಣ್ಣೆಯ ಬಾಟಲಿ ಮುಟ್ಟಲೇಬೇಡಿ.

2. ಕೆಲಸ ಮಾಡಲಿಲ್ಲವೆಂದು ಮತ್ತೊಂದು ಸಲ ಕೊಡಬೇಡಿ.

ಸಣ್ಣ ಕರುಳಿನಲ್ಲಿ ಹರಳೆಣ್ಣೆ ಒಡೆದು ರಿಸಿನೊಲಿಕ್ ಆಮ್ಲ ಹೊರಬರುತ್ತದೆ. ಕರುಳಿನ ಸ್ನಾಯುವನ್ನು ಬಿಗಿಯುವಂತೆ ಮಾಡುವುದು ಅದೇ. ಅಂದರೆ ಹೊಟ್ಟೆ ಮುರಿಯುವುದು ಔಷಧದ ಕೆಲಸದ ಭಾಗವೇ ಆಗಿದೆ. ಪರಿಣಾಮಕ್ಕೆ ಸಾಮಾನ್ಯವಾಗಿ 2ರಿಂದ 6 ಗಂಟೆ ಬೇಕು. ಸೋನಾಮುಖಿ ಹಾಗಲ್ಲ. ಅದು ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಮಾರ್ಪಟ್ಟ ಮೇಲಷ್ಟೇ ಎಚ್ಚರಗೊಳ್ಳುತ್ತದೆ. 6ರಿಂದ 12 ಗಂಟೆ ಹಿಡಿಯುತ್ತದೆ. ರಾತ್ರಿ ಪುಡಿ ತಿಂದು, ಬೆಳಗಿನ ಜಾವ ಏನೂ ಆಗಲಿಲ್ಲವೆಂದು ಮತ್ತೊಂದು ಚಮಚ ತಿಂದವರು ಮಧ್ಯಾಹ್ನ ಎರಡರ ಪೆಟ್ಟನ್ನೂ ಒಟ್ಟಿಗೆ ತಿನ್ನುತ್ತಾರೆ. ಔಷಧದ ನುಲಿತ ಅಲೆಅಲೆಯಾಗಿ ಬಂದು, ಮಲ ಹೋದ ಮೇಲೆ ಸಡಿಲವಾಗುತ್ತದೆ. ಬಿಡದೆ ಒಂದೇ ಕಡೆ ಕುಳಿತ ನೋವು, ಮಲದಲ್ಲಿ ರಕ್ತ, ತಲೆಸುತ್ತು ಕಂಡರೆ ಆಸ್ಪತ್ರೆಗೆ ಹೊರಡಿ.

3. ಭೇದಿಯಾದ ಮೇಲೆ ಎರಡು ಮೂರು ದಿನ ಮಲ ಬಾರದಿರುವುದು ಸಹಜ.

ಕರುಳು ಖಾಲಿಯಾಗಿದೆ, ತುಂಬಲು ಸಮಯ ಬೇಕು. ಇದನ್ನೇ ಮಲಬದ್ಧತೆಯೆಂದು ತಿಳಿದು ಮತ್ತೆ ಪುಡಿ ತಿನ್ನುವುದರಿಂದ ದಿನವಹಿ ಅಭ್ಯಾಸ ಶುರುವಾಗುತ್ತದೆ.

4. ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ.

ಹೃದಯದ ತೊಂದರೆಯಿಂದ ಕಾಲು ಊದುತ್ತಿದ್ದ ಅರವತ್ತು ದಾಟಿದ ಒಬ್ಬ ಹೆಂಗಸು, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತಲಾಗುತ್ತಿಲ್ಲ, ಮೀನಖಂಡ ಹಿಡಿಯುತ್ತದೆ, ಎದೆ ಡವಗುಟ್ಟುತ್ತದೆ ಎಂದು ಬಂದರು. ರಕ್ತದಲ್ಲಿ ಪೊಟ್ಯಾಸಿಯಂ 2.6 ಇತ್ತು, 3.5ರ ಮೇಲಿರಬೇಕು. ಬೇರೇನು ಔಷಧ ಎಂದರೆ "ಏನೂ ಇಲ್ಲ" ಎಂದರು. ಮಗಳು ನೆನಪಿಸಿದಳು: "ಅಮ್ಮಾ, ರಾತ್ರಿ ಪುಡಿ ತಿಂತೀಯಲ್ಲ?" ಡಬ್ಬಿ ತರಿಸಿ ನೋಡಿದರೆ ಮೊದಲ ಹೆಸರೇ ಸೋನಾಮುಖಿ, ಕೆಳಗೆ ಸೈಂಧವ ಲವಣ. ಮಾತ್ರೆ ಮೂತ್ರದಲ್ಲಿ, ಪುಡಿ ಭೇದಿಯಲ್ಲಿ ಪೊಟ್ಯಾಸಿಯಂ ಹೊರಹಾಕುತ್ತಿದ್ದವು. ಉಪ್ಪು ಬೇರೆ ಕಾಲಿನ ಊತಕ್ಕೆ ಸೇರುತ್ತಿತ್ತು. ಪುಡಿ ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟ ಮೇಲೆ ಕಾಲಿಗೆ ಬಲ ಬಂತು. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇಂಥ ಕುಸಿತ ಇನ್ನೂ ಅಪಾಯ, ಹೃದಯದ ಬಡಿತವೇ ತಪ್ಪಬಹುದು.

5. ಇವರಿಗೆ ಮಾತ್ರ ಬೇಡ.

ಬಸುರಿಯರಿಗೆ ಹರಳೆಣ್ಣೆ ಬೇಡ. ಅದು ಗರ್ಭಕೋಶವನ್ನೂ ಹಿಂಡುತ್ತದೆ. ದಿನ ತುಂಬಿದರೂ ಹೆರಿಗೆ ಬರಲೆಂದು ಮನೆಯಲ್ಲಿ ಕುಡಿಸಬಾರದು. ಹಸುಗೂಸಿನ ಬಾಯಿಗೆ ಎಣ್ಣೆ ಬಿಡುವ ಪದ್ಧತಿಯನ್ನಂತೂ ಕೈಮುಗಿದು ಬೇಡವೆನ್ನುತ್ತೇನೆ: ಒಂದು ತೊಟ್ಟು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ಕರುಳಿನ ಹುಣ್ಣು, ಮೂತ್ರಪಿಂಡದ ಕಾಯಿಲೆ ಇರುವವರು, ಹೃದ್ರೋಗದ ಮಾತ್ರೆಯವರು ವೈದ್ಯರನ್ನು ಕೇಳದೆ ಯಾವ ಭೇದಿ ಪುಡಿಯನ್ನೂ ತಿನ್ನಬಾರದು.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮಾತ್ರೆಗಳ ಜೊತೆ ಆ ಪುಡಿಯ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.