ಚಿತ್ರದುರ್ಗಕ್ಕೆ ಹತ್ತಿರದ ಸರ್ವರ್ ಯಾವುದು?

ಚಿತ್ರದುರ್ಗದಲ್ಲಿ ಗೇಮಿಂಗ್ ಸೆಂಟರ್ ನಡೆಸುವ ನನಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ: “ಅಣ್ಣಾ, ನೆಟ್ ಸ್ಪೀಡ್ ಚೆನ್ನಾಗಿದೆ, ಆದ್ರೂ ಪಿಂಗ್ ಯಾಕೆ ಇಷ್ಟು?” ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಅಕೌಂಟಿನ ರೀಜನ್ ಬೇರೆ, ಪಂದ್ಯ ನಡೆಯುವ ಸರ್ವರ್ ಬೇರೆ. ವ್ಯಾಲರೆಂಟ್‌ನಲ್ಲಿ ಭಾರತದ ಅಕೌಂಟು ಏಷ್ಯಾ-ಪೆಸಿಫಿಕ್ ರೀಜನ್ನಿಗೆ ಸೇರುತ್ತದೆ. ಮುಂಬೈ, ಸಿಂಗಪುರ, ಟೋಕಿಯೊ, ಸಿಡ್ನಿ ಸರ್ವರ್‌ಗಳು ಆ ರೀಜನ್ನಿನ ಒಳಗೇ ಇವೆ. ಇವುಗಳಲ್ಲಿ ಯಾವುದು ಬೇಕೆಂದು ಲಾಬಿಯಲ್ಲೇ ಆರಿಸಬಹುದು. ರೀಜನ್ ಮಾತ್ರ ಹಾಗಲ್ಲ, ಅಕೌಂಟ್ ಮಾಡಿದಾಗ ನೀವಿದ್ದ ದೇಶದ ಮೇಲೆ ಅದು ನಿಗದಿಯಾಗುತ್ತದೆ.

ಹಿರಿಯೂರಿನ ಒಂದು ಮನೆಗೆ ಅಮೆರಿಕದಿಂದ ರಜೆಗೆ ಬಂದ ಹುಡುಗನ ವಿಷಯದಲ್ಲಿ ಇದು ಸ್ಪಷ್ಟವಾಯಿತು. ಅವನ ಅಕೌಂಟ್ ಉತ್ತರ ಅಮೆರಿಕದ್ದು. ಪಕ್ಕದಲ್ಲೇ ಕೂತ ಚಿಕ್ಕಪ್ಪನ ಮಗನ ಪಾರ್ಟಿಗೆ ಸೇರಲಾಗಲಿಲ್ಲ. ಒಬ್ಬನೇ ಆಡಿದರೆ ಪಂದ್ಯ ಅಮೆರಿಕದ ಸರ್ವರ್‌ನಲ್ಲಿ ನಡೆಯುತ್ತದೆ, ಪಿಂಗ್ 250ರ ಮೇಲೆ. ವಿಪಿಎನ್ ಹಾಕಿದರೂ ಅಕೌಂಟಿನ ರೀಜನ್ ಬದಲಾಗದು, ದಾರಿ ಇನ್ನಷ್ಟು ಉದ್ದವಾಗುತ್ತದೆ ಅಷ್ಟೆ. ರಜೆಗೆ ಬಂದವರಿಗೆ ಇಲ್ಲಿ ಹೊಸ ಅಕೌಂಟ್ ಮಾಡುವುದೇ ಸರಿಯಾದ ದಾರಿ. ಆದರೆ ಹಳೆಯ ಅಕೌಂಟಿನ ಸ್ಕಿನ್‌ಗಳು ಅದಕ್ಕೆ ಬರುವುದಿಲ್ಲ, 20ನೇ ಲೆವೆಲ್ ಮುಟ್ಟುವವರೆಗೆ ಕಾಂಪಿಟಿಟಿವ್ ಪಂದ್ಯವೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

2. ಭೂಪಟದ ದೂರವನ್ನು ನಂಬಬೇಡಿ. ನೇರ ಗೆರೆ ಎಳೆದರೆ ನಮಗೆ ಚೆನ್ನೈ ಸುಮಾರು 440 ಕಿ.ಮೀ., ಮುಂಬೈ ಸುಮಾರು 650 ಕಿ.ಮೀ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಆ ಲೆಕ್ಕದಲ್ಲಿ ಮುಂಬೈಗೆ ಹೋಗಿಬರಲು 7 ಮಿಲಿಸೆಕೆಂಡ್ ಸಾಕು. ಆದರೂ ನಮ್ಮಲ್ಲಿ 30–40 ಕಾಣುತ್ತದೆ, ಅದು ಸಹಜವೇ. ತಂತಿ ನೇರವಾಗಿ ಹೋಗುವುದಿಲ್ಲ. ಡೇಟಾ ಮೊದಲು ಬೆಂಗಳೂರಿಗೆ ಇಳಿದು, ಅಲ್ಲಿಂದ ಮುಂದಿನ ದಾರಿ ಹಿಡಿಯುತ್ತದೆ.

ಹೊಸದುರ್ಗದ ಒಬ್ಬ ಹುಡುಗನಿಗೆ ಮುಂಬೈ ಪಿಂಗ್ 90 ದಾಟುತ್ತಿತ್ತು. ಸಿಂಗಪುರಕ್ಕೆ 60ರ ಆಸುಪಾಸು! ರೂಟರ್ ಕೆಟ್ಟಿದೆ ಎಂದು ಬದಲಿಸಲು ಹೊರಟಿದ್ದ. ಬೇಡ ಎಂದು ತಡೆದು, ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇವನ್ನು ಕೊಡಿಸಿದೆ:

```
ping -n 20 dynamodb.ap-south-1.amazonaws.com
ping -n 20 dynamodb.ap-southeast-1.amazonaws.com
tracert dynamodb.ap-south-1.amazonaws.com
```

ಮೊದಲನೆಯದು ಅಮೆಜಾನ್‌ನ ಮುಂಬೈ ಕೇಂದ್ರ, ಎರಡನೆಯದು ಸಿಂಗಪುರದ್ದು. ಇವು ಗೇಮಿನ ಸರ್ವರ್‌ಗಳಲ್ಲ, ಆ ಊರಿಗೆ ನಿಮ್ಮ ಲೈನಿನ ದಾರಿ ಹೇಗಿದೆ ಎಂದು ತಿಳಿಯಲು ಸಾಕು. ಮೂರನೆಯದರಲ್ಲಿ ದಾರಿಯ ಒಂದೊಂದು ನಿಲ್ದಾಣವೂ ಕಾಣುತ್ತದೆ. ಅವನದರಲ್ಲಿ ಮೊದಲ ಸಾಲು 1 ಮಿಲಿಸೆಕೆಂಡ್, ಅಂದರೆ ಮನೆಯ ರೂಟರ್ ಸರಿಯಿದೆ. ಬೆಂಗಳೂರಿನವರೆಗೆ 15ರ ಒಳಗೆ. ನಂತರ ಒಮ್ಮೆಲೇ 55ಕ್ಕೆ ಜಿಗಿದು, ಆ ಸಾಲಿನ ಹೆಸರಿನಲ್ಲಿ `sin` ಅಂತ ಇತ್ತು, ಅದು ಸಿಂಗಪುರದ ಗುರುತು. ಡೇಟಾ ಸಮುದ್ರ ದಾಟಿ ಹೋಗಿ ಮುಂಬೈಗೆ ವಾಪಸ್ ಬರುತ್ತಿತ್ತು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೊರಟವರು ಹಿರಿಯೂರು ಸುತ್ತಿ ಬಂದ ಹಾಗೆ. ರೂಟರ್ ಬದಲಿಸಿದರೆ ಇದು ಸರಿಹೋಗುವುದಿಲ್ಲ, ನೆಟ್ ಕಂಪನಿಯೇ ದಾರಿ ತಿದ್ದಬೇಕು. ಅಲ್ಲಿಯವರೆಗೆ ಸಿಂಗಪುರವೇ ನಿನಗೆ ಹತ್ತಿರ ಎಂದೆ. ನಡುವೆ ನಕ್ಷತ್ರ ಚಿಹ್ನೆಗಳಷ್ಟೇ ಬಂದ ಸಾಲಿದ್ದರೆ ಗಾಬರಿ ಬೇಡ. ಕೆಲವು ರೂಟರ್‌ಗಳು ಉತ್ತರ ಕೊಡುವುದಿಲ್ಲ, ಅಷ್ಟೆ.

3. ಕಡಿಮೆ ಪಿಂಗ್‌ಗಿಂತ ಸ್ಥಿರ ಪಿಂಗ್ ಮೇಲು. ಒಮ್ಮೆ 30, ಒಮ್ಮೆ 110 ಆಗುವ ಸರ್ವರ್‌ಗಿಂತ ಸದಾ 60ರಲ್ಲಿರುವುದು ಆಡಲು ಹಿತ. ಏರಿಳಿತ `tracert`ನ ಮೊದಲ ಸಾಲಿನಲ್ಲೇ ಕಂಡರೆ ತಪ್ಪು ನಿಮ್ಮ ವೈಫೈಯದು. ಲ್ಯಾನ್ ಕೇಬಲ್ ಹಾಕಿ ಮತ್ತೆ ಅಳೆಯಿರಿ.

4. ಮಿತಿಯನ್ನು ಅತಿಯಾಗಿ ಬಿಗಿ ಮಾಡಬೇಡಿ. ಕೌಂಟರ್-ಸ್ಟ್ರೈಕ್ 2ರಲ್ಲಿ ಭಾರತದೊಳಗೇ ಮುಂಬೈ, ಚೆನ್ನೈ ಎರಡೂ ಕಡೆ ಸರ್ವರ್ ಇವೆ. ಎಷ್ಟು ಪಿಂಗ್‌ವರೆಗೆ ಒಪ್ಪಿಗೆ ಎಂದು ಸೆಟಿಂಗ್ಸ್‌ನಲ್ಲಿ ನೀವೇ ಹೇಳಬಹುದು, ಇಲ್ಲವೇ ಕನ್ಸೋಲ್‌ನಲ್ಲಿ `mm_dedicated_search_maxping 80` ಎಂದು ಕೊಡಬಹುದು. ನಮ್ಮ ಜಿಲ್ಲೆಗೆ 80 ಸರಿಯಾದ ಮಿತಿ ಎಂಬುದು ನನ್ನ ಅಭಿಪ್ರಾಯ. 30ಕ್ಕೆ ಇಳಿಸಿದರೆ ಮಧ್ಯರಾತ್ರಿಯ ಹೊತ್ತಿಗೆ ಎದುರಾಳಿಗಳೇ ಸಿಗದೆ ಹುಡುಕಾಟ ಮುಂದುವರಿಯುತ್ತಲೇ ಇರುತ್ತದೆ.

5. ಕಂಪನಿಗೆ ದೂರು ಕೊಡುವಾಗ “ಗೇಮ್ ಲ್ಯಾಗ್ ಆಗ್ತಿದೆ” ಎಂದಷ್ಟೇ ಹೇಳಿದರೆ ಸ್ಪೀಡ್ ಟೆಸ್ಟ್ ಮಾಡಿಸಿ ಕಳಿಸುತ್ತಾರೆ. ಬೆಳಿಗ್ಗೆ ಒಂದು, ರಾತ್ರಿ ಒಂಬತ್ತರ ಸುಮಾರಿಗೆ ಒಂದು `tracert` ತೆಗೆದು, ಜಿಗಿತವಿರುವ ಸಾಲಿಗೆ ಗುರುತು ಹಾಕಿ, ದೂರಿನ ನಂಬರ್ ಜೊತೆ ಇಮೇಲ್ ಮಾಡಿ. ಲೈನ್‌ಮನ್‌ಗೆ ಬೈದು ಪ್ರಯೋಜನವಿಲ್ಲ, ದಾರಿ ತಿದ್ದುವುದು ಅವರ ಕೈಯಲ್ಲಿಲ್ಲ. ದೂರು ನೆಟ್‌ವರ್ಕ್ ತಂಡಕ್ಕೆ ಹೋಗಬೇಕೆಂದು ಕೇಳಿ.